ಇನ್ಸಿಡೆನ್ಸ್ ರೇಟ್, ಸಿವಿಯಾರಿಟಿ ರೇಟ್: ನನ್ನ ಉತ್ತರ ತಾಳೆಯಾಗುತ್ತಿಲ್ಲ, ನೀವು ಹೇಗೆ ಮಾಡಿದಿರಿ?

ಸೇಫ್ಟಿ ಡಿಪ್ಲೊಮಾ ಓದುತ್ತಿರುವವಳು: ಮಾದರಿ ಪ್ರಶ್ನೆ ಹೀಗಿದೆ. ಕಾರ್ಖಾನೆಯಲ್ಲಿ ಮೊದಲ 8 ತಿಂಗಳು 750 ಜನ, ಆಮೇಲೆ 4 ತಿಂಗಳು 900 ಜನ. ವಾರಕ್ಕೆ 48 ಗಂಟೆ, ವರ್ಷಕ್ಕೆ 50 ವಾರ, ಗೈರುಹಾಜರಿ ಶೇ. 5. ಒಟ್ಟು 20 ಗಾಯ. ಅದರಲ್ಲಿ 8 ಜನ ಫಸ್ಟ್ ಏಡ್ ಪಡೆದು ಕೆಲಸಕ್ಕೆ ಮರಳಿದರು. ಇನ್ನು 11 ಜನರಿಂದ ಒಟ್ಟು 252 ದಿನ ನಷ್ಟ. ಒಬ್ಬರಿಗೆ ಒಂದು ಕಣ್ಣು ಹೋಯಿತು, ಅವರು 40 ದಿನ ರಜೆಯಲ್ಲಿದ್ದರು. ಕಣ್ಣಿಗೆ 1,800 ದಿನ ಎಂದು ಕೊಟ್ಟಿದ್ದಾರೆ. ಸಾವಿರ ಕೆಲಸಗಾರರಿಗೆ ಎಷ್ಟು ಗಾಯ ಎನ್ನುವ ಇನ್ಸಿಡೆನ್ಸ್ ರೇಟ್, ಹತ್ತು ಲಕ್ಷ ಗಂಟೆಗೆ ಎಷ್ಟು ದಿನ ನಷ್ಟ ಎನ್ನುವ ಸಿವಿಯಾರಿಟಿ ರೇಟ್ ಕೇಳಿದ್ದಾರೆ. ನನಗೆ ಬಂದದ್ದು 24.24 ಮತ್ತು 1,112. ಪುಸ್ತಕದ ಉತ್ತರ 15 ಮತ್ತು 1,125. ಎರಡನೆಯದು ಹತ್ತಿರವಿದೆ, ರೌಂಡ್ ಮಾಡಿದ್ದರಿಂದ ಹೀಗಾಯಿತಾ? ಇಂಥ ಲೆಕ್ಕ ಮಾಡಿದವರು ಹೇಳಿ.

ಶಿಫ್ಟ್ ಇನ್‌ಚಾರ್ಜ್: ಸರಾಸರಿಯಲ್ಲಿ ಎಡವಿದ್ದೀರಿ. 750 ಮತ್ತು 900 ಕೂಡಿಸಿ ಅರ್ಧ ಮಾಡಿ 825 ತೆಗೆದುಕೊಂಡಿದ್ದೀರಿ, ಅಲ್ವಾ? ಎಂಟು ತಿಂಗಳಿಗೂ ನಾಲ್ಕು ತಿಂಗಳಿಗೂ ಒಂದೇ ತೂಕ ಕೊಡೋಕಾಗಲ್ಲ. 750 × 8 = 6,000, 900 × 4 = 3,600. ಕೂಡಿಸಿ 12ರಿಂದ ಭಾಗಿಸಿದರೆ 800. ಅದರಲ್ಲಿ ಶೇ. 5 ಕಳೆದರೆ 760. ದಿನ ನಷ್ಟವಾದ ಗಾಯ 12ನ್ನೇ ತೆಗೆದುಕೊಳ್ಳಿ, ಫಸ್ಟ್ ಏಡ್ ಬಿಡಿ. 15.79 ಬರುತ್ತದೆ. ಪುಸ್ತಕದವರು ಗೈರುಹಾಜರಿ ಕಳೆಯೋದನ್ನ ಮರೆತಿದ್ದಾರೆ ಅನಿಸುತ್ತದೆ.

ಹಳೇ ಸೇಫ್ಟಿ ಆಫೀಸರ್: 800ರವರೆಗೆ ಸರಿ, 12 ಕೂಡ ಸರಿ. 760 ತಪ್ಪು. ಇನ್ಸಿಡೆನ್ಸ್ ರೇಟ್ ಎಣಿಸೋದು ತಲೆಗಳನ್ನು, ಗಂಟೆಗಳನ್ನಲ್ಲ. ಇವತ್ತು ರಜೆ ಹಾಕಿದವನೂ ಕೆಲಸಗಾರನೇ. 12 × 1,000 ÷ 800 = 15.

ಗೈರುಹಾಜರಿ ಕಳೆಯಬೇಕಾದ ಜಾಗ ಸಿವಿಯಾರಿಟಿ ರೇಟ್. ಅಲ್ಲಿ ನಿಜವಾಗಿ ದುಡಿದ ಗಂಟೆ ಬೇಕು. 800 × 48 × 50 = 19,20,000. ಶೇ. 5 ಕಳೆದರೆ 18,24,000 ಗಂಟೆ.

ಈಗ ದಿನಗಳು. ಕಣ್ಣಿಗೆ 1,800 ಹಾಕಿದ ಮೇಲೆ ಆ ವ್ಯಕ್ತಿಯ 40 ದಿನವನ್ನು ಮತ್ತೆ ಸೇರಿಸಬಾರದು. ಶಾಶ್ವತ ಊನಕ್ಕೆ ಪಟ್ಟಿಯಲ್ಲಿರುವ ದಿನಗಳು ನಿಜವಾದ ರಜೆಯ ಬದಲಿಗೆ ಬರುತ್ತವೆ, ಅದರ ಜೊತೆಗಲ್ಲ. ಸಾವಿಗೆ 6,000 ದಿನ ಹಾಕುವುದೂ ಇದೇ ಲೆಕ್ಕ. ಹಾಗಾಗಿ 252 + 1,800 = 2,052. ಹತ್ತು ಲಕ್ಷ ಗಂಟೆಗೆ ಎಷ್ಟು? 2,052 × 10,00,000 ÷ 18,24,000 = 1,125.

ನಿಮ್ಮ 1,112 ರೌಂಡಿಂಗ್‌ನಿಂದ ಬಂದದ್ದಲ್ಲ. 825 ಜನ ಇಟ್ಟು ಗಂಟೆ ಜಾಸ್ತಿ ಮಾಡಿಕೊಂಡಿರಿ, 18,81,000. ಆಮೇಲೆ 40 ಸೇರಿಸಿ ದಿನವನ್ನೂ ಜಾಸ್ತಿ ಮಾಡಿದಿರಿ, 2,092. ಒಂದು ತಪ್ಪು ಉತ್ತರವನ್ನು ಕೆಳಗೆ ಎಳೆಯಿತು, ಇನ್ನೊಂದು ಮೇಲೆ ತಳ್ಳಿತು. ಬರೀ 40ರ ತಪ್ಪು ಮಾಡಿದ್ದರೆ 1,147 ಬರುತ್ತಿತ್ತು, ಆಗ ಬೇಗ ಗೊತ್ತಾಗುತ್ತಿತ್ತು. ಉತ್ತರ ಹತ್ತಿರ ಬಂತೆಂದು ಸುಮ್ನೆ ಬಿಡಬೇಡಿ. ಮೇಲಿನ ಸಂಖ್ಯೆ, ಕೆಳಗಿನ ಸಂಖ್ಯೆ ಬೇರೆಬೇರೆಯಾಗಿ ತಾಳೆ ನೋಡಿ.

ಮಷಿನ್ ಶಾಪ್: ಈ ಲೆಕ್ಕ ನನಗೆ ಅಷ್ಟಾಗಿ ಗೊತ್ತಿಲ್ಲ. ನಾನು ಮೊದಲು ಕೆಲಸ ಮಾಡಿದ ಕಡೆ ಕೈ ಮುರಿದವನನ್ನು ಮರುದಿನವೇ ಕರೆಸಿ ಗೇಟ್ ಹತ್ತಿರ ಕೂರಿಸುತ್ತಿದ್ದರು, ಹಾಜರಿ ಹಾಕಿಸುತ್ತಿದ್ದರು. ಬೋರ್ಡಿನಲ್ಲಿ ಮಾತ್ರ ಕಳೆದ ದಿನ ಸೊನ್ನೆ. ಅವನಿಗೆ ಪರಿಹಾರ ಸಿಗುತ್ತದಾ?

ಹಳೇ ಸೇಫ್ಟಿ ಆಫೀಸರ್: ಪರಿಹಾರದ ವಿಷಯ ಬೇರೆ, ಈ ರೇಟ್‌ಗಳಿಂದ ಅದು ತೀರ್ಮಾನವಾಗಲ್ಲ. ಆದರೆ ನೀವು ಹೇಳಿದ್ದು ನಿಜವಾದ ಕಾಯಿಲೆ. ಹಾಗೆ ಕೂರಿಸಿದರೆ ಎರಡೂ ರೇಟ್ ಒಟ್ಟಿಗೆ ಇಳಿಯುತ್ತವೆ, ಗಾಯ ಮಾತ್ರ ಅಷ್ಟೇ ಇರುತ್ತದೆ. ಫಸ್ಟ್ ಏಡ್ ರಿಜಿಸ್ಟರ್ ದಪ್ಪವಾಗಿ, ನಷ್ಟದ ದಿನ ಸೊನ್ನೆಯಾಗಿ ಕಂಡರೆ ನಾನು ಹಾಜರಿ ಪುಸ್ತಕ ಕೇಳುತ್ತಿದ್ದೆ.

ಶಿಫ್ಟ್ ಇನ್‌ಚಾರ್ಜ್: 760 ವಾಪಸ್ ತೆಗೆದುಕೊಂಡೆ. ಆದರೆ ನನ್ನ ಹತ್ತಿರದ ಇನ್ನೊಂದು ಪುಸ್ತಕದಲ್ಲಿ ಸಿವಿಯಾರಿಟಿ ರೇಟ್ 1.125 ಅಂತ ಬರುವ ಹಾಗೆ ಸೂತ್ರ ಇದೆಯಲ್ಲ?

ಹಳೇ ಸೇಫ್ಟಿ ಆಫೀಸರ್: ಅದು ಸಾವಿರ ಗಂಟೆಗೆ ತೆಗೆದದ್ದು. ಅಮೆರಿಕದ ಓಶಾ ಪದ್ಧತಿಯಲ್ಲಿ 2,00,000 ಗಂಟೆ, ಅಂದರೆ 100 ಜನ ವಾರಕ್ಕೆ 40 ಗಂಟೆಯಂತೆ 50 ವಾರ ದುಡಿದಷ್ಟು. ಪ್ರಶ್ನೆಯಲ್ಲಿ ಯಾವ ಆಧಾರ ಎಂದು ಮೊದಲು ನೋಡಿ, ಉತ್ತರದ ಪಕ್ಕ ಬರೆಯಿರಿ.

ಸೇಫ್ಟಿ ಡಿಪ್ಲೊಮಾ ಓದುತ್ತಿರುವವಳು: ಈಗ ಬಂತು, 15 ಮತ್ತು 1,125. ಇನ್ನೊಂದು ಡೌಟ್. ಡಿಸೆಂಬರ್ 20ಕ್ಕೆ ಗಾಯವಾಗಿ ಜನವರಿಯಲ್ಲೂ ರಜೆಯಲ್ಲಿದ್ದರೆ ಆ ದಿನಗಳು ಯಾವ ವರ್ಷಕ್ಕೆ?

ಶಿಫ್ಟ್ ಇನ್‌ಚಾರ್ಜ್: ನಾವು ಗಾಯವಾದ ವರ್ಷಕ್ಕೇ ಹಾಕುತ್ತೇವೆ.

ಹಳೇ ಸೇಫ್ಟಿ ಆಫೀಸರ್: ನಾನು ಜನವರಿಯ ದಿನಗಳನ್ನು ಹೊಸ ವರ್ಷಕ್ಕೆ ಹಾಕುತ್ತಿದ್ದೆ. ಗಾಯದ ಎಣಿಕೆ ಮಾತ್ರ ಹಳೇ ವರ್ಷಕ್ಕೆ. ಪರೀಕ್ಷೆಯಲ್ಲಿ ಇಂಥದ್ದು ಬಂದರೆ ಯಾವ ದಾರಿ ಹಿಡಿದಿರಿ ಎಂದು ಒಂದು ಸಾಲು ಬರೆದು ಮುಂದುವರಿಯಿರಿ.