ಹೈರ್ ಪರ್ಚೇಸ್ ಯಂತ್ರ: ಕೊನೆಯ ಕಂತು ಕಟ್ಟಿದರೂ 2,044.90 ಬಾಕಿ ತೋರಿಸುತ್ತಿದೆ

ಹೊಸಲೆಕ್ಕಿಗ: ಯಂತ್ರದ ನಗದು ಬೆಲೆ 50,000. ಒಪ್ಪಂದದ ದಿನವೇ 16,900 ಕೊಟ್ಟಿದ್ದೇವೆ. ಆಮೇಲೆ ಪ್ರತಿ ವರ್ಷದ ಕೊನೆಗೆ 13,310ರಂತೆ ಮೂರು ಕಂತು. ಬಡ್ಡಿ 10%. ಮೊದಲ ವರ್ಷಕ್ಕೆ 5,000 ಬಡ್ಡಿ ಹಾಕಿದೆ. ಮುಂದಿನ ವರ್ಷಗಳಲ್ಲಿ ಉಳಿದ ಬಾಕಿಯ ಮೇಲೆ ಹಾಕಿದೆ. ಕೊನೆಗೆ ಮಾರಿದವರ ಖಾತೆ ಸೊನ್ನೆ ಆಗಬೇಕಲ್ವಾ? 2,044.90 ಉಳಿದಿದೆ.

ಸರಳರೇಖೆ: ಇಷ್ಟಕ್ಕೆಲ್ಲ ತಲೆ ಯಾಕೆ? ಒಟ್ಟು ಕೊಡುವುದು 56,830. ನಗದು ಬೆಲೆ ಕಳೆದರೆ ಬಡ್ಡಿ 6,830. ಮೂರು ವರ್ಷಕ್ಕೆ ಸಮನಾಗಿ ಹಂಚಿಬಿಡಿ.

ಹಳೇಖಾತೆ: ಒಟ್ಟು ಬಡ್ಡಿ 6,830 ಸರಿ, ಹಂಚಿದ್ದು ತಪ್ಪು. ಮೊದಲ ವರ್ಷ ಬಾಕಿ ಜಾಸ್ತಿ, ಬಡ್ಡಿಯೂ ಜಾಸ್ತಿ ಇರಬೇಕು. ಸಮನಾಗಿ ಹಂಚಿದರೆ ಖಾತೆ ಸೊನ್ನೆಯೇನೋ ಆಗುತ್ತದೆ, ಆದ್ದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಹೊಸಲೆಕ್ಕಿಗರೇ, ಆ 5,000 ನೋಡಿ. ಅದು ಪೂರ್ತಿ 50,000ದ ಮೇಲಿನ ಬಡ್ಡಿ. 16,900 ಮೊದಲ ದಿನವೇ ಕೈಬಿಟ್ಟಿತ್ತು, ಅದಕ್ಕೆ ಬಡ್ಡಿ ಎಲ್ಲಿಂದ? ಆ ಹಣದ 10% ಅಂದರೆ 1,690. ಅದೇ ಎರಡು ವರ್ಷ ಬಡ್ಡಿ ಸೇರಿ 2,044.90 ಆಗಿದೆ.

33,100ರಿಂದ ಶುರು ಮಾಡಿ. ಮೊದಲ ವರ್ಷದ ಬಡ್ಡಿ 3,310, ಹಾಗಾಗಿ ಕಂತಿನಲ್ಲಿ ಅಸಲು 10,000. ಬಾಕಿ 23,100. ಎರಡನೇ ವರ್ಷ ಬಡ್ಡಿ 2,310, ಅಸಲು 11,000. ಉಳಿದ 12,100ಕ್ಕೆ ಬಡ್ಡಿ 1,210, ಸೇರಿಸಿದರೆ ಸರಿಯಾಗಿ 13,310.

ಹೊಸಲೆಕ್ಕಿಗ: ಅಯ್ಯೋ, ಅಷ್ಟೇನಾ! ಹಾಗಾದರೆ ಸವಕಳಿ 56,830ರ ಮೇಲಾ?

ಹಳೇಖಾತೆ: ಅಲ್ಲ, 50,000ದ ಮೇಲೆ. ಬಡ್ಡಿ ಆಯಾ ವರ್ಷದ ಖರ್ಚು, ಯಂತ್ರದ ಬೆಲೆಗೆ ಸೇರಿಸಬೇಡಿ. ಎಲ್ಲ ಕಂತು ಮುಗಿಯುವ ತನಕ ಸವಕಳಿಗೆ ಕಾಯುವುದೂ ಬೇಡ.

ಕಂತುಗಾರ: ನನ್ನ ಕಾಗದದಲ್ಲಿ ನಗದು ಬೆಲೆಯೇ ಇಲ್ಲ. ದರ ಮತ್ತು ಕಂತು ಮಾತ್ರ ಇದೆ. ಕಂತಿನ 10% ತೆಗೆದರೆ ಬಡ್ಡಿ ಸಿಗುತ್ತದಾ?

ಹಳೇಖಾತೆ: ಇಲ್ಲ. ಕಂತಿನೊಳಗೆ ಬಡ್ಡಿ ಸೇರಿಹೋಗಿದೆ. ಕೊನೆಯ ಕಂತಿನಿಂದ ಹಿಂದಕ್ಕೆ ಬನ್ನಿ. ಮೇಲಿನ ಅಂಕಿಗಳಲ್ಲೇ ಹೇಳುವುದಾದರೆ 13,310ನ್ನು 110ರಿಂದ ಭಾಗಿಸಿ 10ರಿಂದ ಗುಣಿಸಿ. 1,210 ಬಡ್ಡಿ, 12,100 ಅಸಲು. ಈ 12,100ನ್ನು ಹಿಂದಿನ ಕಂತಿಗೆ ಕೂಡಿಸಿ 25,410 ಮಾಡಿ, ಮತ್ತೆ ಅದೇ ಲೆಕ್ಕ. ಮೊದಲ ಕಂತು ದಾಟಿದಾಗ 33,100 ಸಿಗುತ್ತದೆ. ಮೊದಲ ದಿನದ ಹಣ ಕೂಡಿಸಿದರೆ ನಗದು ಬೆಲೆ.

ಕಂತುಗಾರ: ಆದರೆ ಮಾರಿದವರು ಮೂರೂ ವರ್ಷಕ್ಕೆ ಮೊದಲ ಬಾಕಿಯ ಮೇಲೇ 10% ಹಾಕಿ ಕಂತು ನಿಗದಿ ಮಾಡಿದ್ದಾರೆ ಅನ್ನಿಸುತ್ತಿದೆ.

ಹಳೇಖಾತೆ: ಹಾಗಿದ್ದರೆ ನಿಮ್ಮ ನಿಜವಾದ ದರ 10ಕ್ಕಿಂತ ಸಾಕಷ್ಟು ಜಾಸ್ತಿ. 10 ಇಟ್ಟುಕೊಂಡು ಹಿಂದಕ್ಕೆ ಬಂದರೆ ನಗದು ಬೆಲೆ ಉಬ್ಬಿ ಬರುತ್ತದೆ. ಆ ಯಂತ್ರಕ್ಕೆ ನಗದಿಗೆ ಎಷ್ಟು ಅಂತ ಮೊದಲು ಕೇಳಿ ತಿಳಿದು, ಅಂಕಿ ಹಾಕಿ. ಅಲ್ಲಿಯ ತನಕ ದರ ಹೇಳುವುದು ಸುಮ್ನೆ ಊಹೆ.