ಬೆರಳ ಸಂದಿ ತುರಿಕೆ: ಎರಡು ದಿನ ಹೋಗುತ್ತೆ, ವಾರಕ್ಕೆ ಡಬಲ್ ಆಗಿ ಬರುತ್ತೆ

ನಾಲೆಬಯಲು (ಮಂಡ್ಯ)
ನಾಲೆಗೆ ನೀರು ಬಿಟ್ಟಾಗಿಂದ ದಿನಾ ಗದ್ದೆ ಕೆಲಸ, ಕಾಲಲ್ಲಿ ಗಂಬೂಟು. ಎರಡೂ ಪಾದದ ಕಿರುಬೆರಳ ಸಂದಿ ಬೆಳ್ಳಗೆ ನೆನೆದು ಸಿಪ್ಪೆ ಸುಲೀತಿದೆ, ರಾತ್ರಿ ತಡೆಯೋಕಾಗದ ತುರಿಕೆ. ಮೆಡಿಕಲ್ ಸ್ಟೋರಲ್ಲಿ ಕೊಟ್ಟ ಫಂಗಸ್ ಕ್ರೀಮು ಹಚ್ಚಿದ್ರೆ ಎರಡೇ ದಿನಕ್ಕೆ ಆರಾಮ, ಬಿಟ್ಟ ವಾರಕ್ಕೆ ಮತ್ತೆ ಶುರು. ಮೂರು ಟ್ಯೂಬ್ ಖಾಲಿ. ಏನ್ ಮಾಡೋದು?

ಬೂಟುಗಾರ
ಬೂಟೇ ಕಾರಣ, ಬೇರೆ ಹುಡುಕ್ಬೇಡಿ. ಗಂಬೂಟನ್ನ ಬಿಸಿಲಿಗಿಟ್ರೆ ಮೇಲ್ಗಡೆ ಒಣಗುತ್ತೆ, ಬೆರಳು ಕೂರೋ ತುದಿ ಹಸಿಯಾಗೇ ಇರುತ್ತೆ. ಸೋಪಿನ ನೀರಲ್ಲಿ ಒಳಗೆ ತೊಳ್ದು, ಗೂಟಕ್ಕೆ ತಲೆಕೆಳಗೆ ಸಿಕ್ಕಿಸಿ ನೀರು ಇಳಿಸಿ. ಆಮೇಲೆ ತುದಿವರೆಗೂ ಹಳೇ ಪೇಪರ್ ತುರುಕಿ, ಎರಡು ಗಂಟೆಗೊಮ್ಮೆ ಬದಲಾಯಿಸಿ. ಎರಡು ಜೊತೆ ಇಟ್ಕೊಂಡು ದಿನ ಬಿಟ್ಟು ದಿನ ಹಾಕಿ.

ನಾಲೆಬಯಲು
ಎರಡು ಜೊತೆ ಆಗ್ಲೇ ಇದೆ ಸಾರ್. ಪೇಪರೂ ಹಾಕ್ತೀನಿ.

ಬೂಟುಗಾರ
ಹಂಗಾದ್ರೆ ಸಾಕ್ಸೇ ಕಾರಣ. ನೀವು ಹಾಕ್ತಿರೋದು ನೈಲಾನಿಂದೇ ಇರ್ಬೇಕು.

ಫ್ಯಾನ್‌ಸೆಟಪ್
ಪೇಪರ್ ಕಾಲ ಹೋಯ್ತು. ಹಳೇ ಕಂಪ್ಯೂಟರಿನ 12 ವೋಲ್ಟ್ ಫ್ಯಾನಿಗೆ ಒಂದೂವರೆ ಇಂಚು ಪಿವಿಸಿ ಪೈಪಲ್ಲಿ ಎರಡು ಕವಲು ಮಾಡಿ, ಬೂಟಿನ ತುದಿವರೆಗೂ ಇಳಿಬಿಟ್ರೆ ಬೆಳಗ್ಗೆಗೆ ಗರಿಗರಿ. ನಮ್ಮನೇಲಿ ನಾಲ್ಕು ಜೊತೆಗೆ ಆಗೋ ಹಂಗೆ ಮಾಡಿದೀನಿ, ಫೋಟೋ ಹಾಕ್ಲಾ?

ಬೂಟುಗಾರ
ಕರೆಂಟ್ ಹೋದ ರಾತ್ರಿ ನಿಮ್ಮ ಪೈಪು ಏನ್ ಮಾಡುತ್ತೆ?

ಹಿಮ್ಮಡಿ
ನಂಗೂ ಇದೇ ಸಮಸ್ಯೆ, ಹಿಮ್ಮಡಿ ಒಡ್ದು ರಕ್ತ ಬರುತ್ತೆ. ಅದೇ ಕ್ರೀಮು ಹಚ್ಬೋದಾ?

ಪಾದಚಿಕಿತ್ಸೆ
ಹಿಮ್ಮಡಿಯವರೇ, ನಿಮ್ಮದು ಬಹುಶಃ ಬೇರೆ. ಬೇರೆ ಪೋಸ್ಟ್ ಹಾಕಿ.

ನಾಲೆಬಯಲು ಅವರೇ, ಟ್ಯೂಬಿನ ಹಿಂದೆ ಸಣ್ಣಕ್ಷರದಲ್ಲಿ ಏನೇನು ಬರೆದಿದೆ, ಪೂರ್ತಿ ಓದಿ ಹೇಳಿ. ಒದ್ದೆ ಬೂಟಿಂದ ಫಂಗಸ್ ಮರುಕಳಿಸೋದು ನಿಜ. ಆದ್ರೆ ಎರಡೇ ದಿನಕ್ಕೆ ತುರಿಕೆ ನಿಂತು, ಬಿಟ್ಟ ತಕ್ಷಣ ಜೋರಾಗೋದು ಬೂಟಿನ ಲಕ್ಷಣ ಅಲ್ಲ.

ನಾಲೆಬಯಲು
ಕ್ಲೊಬೆಟಾಸಾಲ್, ಆಫ್ಲೊಕ್ಸಾಸಿನ್, ಆರ್ನಿಡಜೋಲ್, ಟರ್ಬಿನಾಫಿನ್. ನಾಲ್ಕು ಔಷಧಿ ಇದೆ, ಸ್ಟ್ರಾಂಗ್ ಅಂದ್ರು.

ಪಾದಚಿಕಿತ್ಸೆ
ಸಿಕ್ತು. ಮೊದಲನೇದು ಸ್ಟಿರಾಯ್ಡ್, ಹಚ್ಚೋ ಸ್ಟಿರಾಯ್ಡ್‌ಗಳಲ್ಲೇ ಅತಿ ಜೋರಿನ ಗುಂಪಿನದು. ಫಂಗಸ್ ವಿರುದ್ಧ ಚರ್ಮ ಮಾಡೋ ಹೋರಾಟವೇ ಆ ಕೆಂಪು, ಆ ತುರಿಕೆ. ಸ್ಟಿರಾಯ್ಡ್ ಆ ಹೋರಾಟವನ್ನ ಮಲಗಿಸುತ್ತೆ. ನಿಮಗೆ ಆರಾಮ, ಫಂಗಸ್ಸಿಗೂ ಆರಾಮ. ಜೊತೆಗೆ ಚರ್ಮ ತೆಳುವಾಗುತ್ತೆ.

ಅದನ್ನ ಇವತ್ತೇ ನಿಲ್ಲಿಸಿ. ನಿಲ್ಲಿಸಿದ ಮೇಲೆ ಕೆಲವು ದಿನ ತುರಿಕೆ ಕೆರಳಬಹುದು. ಎಲ್ಲರೂ ಸೋತು ಹಳೇ ಟ್ಯೂಬ್ ತೆಗೆಯೋದು ಆಗಲೇ. ಒಂದೇ ಔಷಧಿ ಇರೋ ಕ್ರೀಮ್ ತಗೊಳ್ಳಿ: ಲುಲಿಕೊನಜೋಲ್ 1%. ಕಾಲು ತೊಳ್ದು, ಬೇರೆ ಟವೆಲಲ್ಲಿ ಪ್ರತಿ ಸಂದಿ ಒತ್ತಿ ಒರೆಸಿ, ಹತ್ತು ನಿಮಿಷ ಗಾಳಿಗೆ ಬಿಟ್ಟು, ರಾತ್ರಿ ಒಂದು ಸಲ ತೆಳ್ಳಗೆ ಹಚ್ಚಿ. ಸಿಪ್ಪೆ ಇರೋ ಜಾಗ ಮಾತ್ರ ಅಲ್ಲ, ಸುತ್ತ ಒಂದು ಬೆರಳಗಲ ಚೆನ್ನಾಗಿರೋ ಚರ್ಮಕ್ಕೂ. ಮೂರನೇ ದಿನಕ್ಕೆ ಆರಾಮಾದ್ರೂ ಎರಡು ವಾರ ಬಿಡಬೇಡಿ. ಬೆಳ್ಳಗೆ ನೆನೆದ ಸಂದಿಗೆ ದಪ್ಪ ಬಳಿದ್ರೆ ಇನ್ನಷ್ಟು ನೆನೆಯುತ್ತೆ.

ಪೌಡರ್‌ಪ್ರಿಯ
ಕ್ರೀಮೆಲ್ಲ ಯಾಕೆ, ಫಂಗಸ್ ಪೌಡರ್ ಉದುರಿಸಿದ್ರೆ ಸಾಕಲ್ವಾ?

ಪಾದಚಿಕಿತ್ಸೆ
ವಾಸಿಯಾದ ಮೇಲೆ ಸಾಕ್ಸಿನೊಳಗೆ ಹಾಕಿ, ಮರುಕಳಿಸದಂತೆ ಒಳ್ಳೇದೇ. ಈಗ ನೆನೆದ ಸಂದಿಗೆ ಹಾಕಿದ್ರೆ ಉಂಡೆಗಟ್ಟಿ ಉಜ್ಜುತ್ತೆ, ಅಷ್ಟೇ.

ಬೂಟುಗಾರ
ಟರ್ಬಿನಾಫಿನ್ ಒಂದೇ ಇರೋದು ಸಿಗುತ್ತಲ್ಲ, ಅದ್ಯಾಕ್ ಬೇಡ? ಒಂದು ವಾರದಲ್ಲೇ ಮುಗಿಯುತ್ತೆ ಅಂತಾರೆ.

ಪಾದಚಿಕಿತ್ಸೆ
ಪುಸ್ತಕದ ಲೆಕ್ಕ ಸರಿ. ಆದ್ರೆ ಈಚೆಗೆ ನಮ್ಮ ದೇಶದಲ್ಲಿ ಟರ್ಬಿನಾಫಿನ್‌ಗೆ ಬಗ್ಗದ ತಳಿ ಜಾಸ್ತಿಯಾಗಿದೆ. ಇವರು ಮೂರು ಟ್ಯೂಬಲ್ಲಿ ಅದನ್ನೂ ಹಚ್ಚಿದಾರೆ.

ಇನ್ನೊಂದು ಪ್ರಶ್ನೆ ಕೇಳ್ಲೇಬೇಕು. ತೊಡೆ ಸಂದೀಲೂ ಹುಳುಕಡ್ಡಿ ಇದೆಯಾ? ಶುಗರ್ ಇದೆಯಾ?

ನಾಲೆಬಯಲು
ಶುಗರ್ ಚೆಕ್ ಮಾಡ್ಸಿಲ್ಲ. ತೊಡೇಲಿ... ಹೌದು, ಎರಡು ತಿಂಗಳಿಂದ. ಅದಕ್ಕೂ ಇದೇ ಕ್ರೀಮು.

ಪಾದಚಿಕಿತ್ಸೆ
ಇದನ್ನ ಮೊದಲೇ ಹೇಳೋದಲ್ವಾ! ಎರಡು ಕಡೆ ಇದ್ರೆ ಹಚ್ಚೋದ್ರಲ್ಲಿ ಮುಗಿಯೋದು ಅನುಮಾನ, ಮಾತ್ರೆ ಬೇಕಾಗಬಹುದು. ಅದು ಅಂಗಡಿ ಕೇಳಿ ತಗೊಳ್ಳೋದಲ್ಲ. ಮಂಡ್ಯದ ಮಿಮ್ಸ್ ಆಸ್ಪತ್ರೆ ಚರ್ಮ ವಿಭಾಗಕ್ಕೆ ಹೋಗಿ, ಖಾಲಿ ಟ್ಯೂಬ್ ತಗೊಂಡೇ ಹೋಗಿ. ಸಿಪ್ಪೆ ಕೆರೆದು ಕೆಒಎಚ್ ದ್ರಾವಣ ಹಾಕಿ ಮೈಕ್ರೋಸ್ಕೋಪಲ್ಲಿ ನೋಡ್ತಾರೆ. ಅಲ್ಲಿಗೆ ಹೋಗೋತನಕ ನಾನು ಮೇಲೆ ಹೇಳಿದ ಹೊಸ ಕ್ರೀಮೂ ಶುರು ಮಾಡಬೇಡಿ, ಹಚ್ಚಿದ್ರೆ ಫಂಗಸ್ ಇದ್ದೂ ಕಾಣದೇ ಹೋಗಬಹುದು. ಶುಗರ್ ಟೆಸ್ಟೂ ಮಾಡಿಸಿ. ಸಾಕ್ಸ್ ಮೊದಲು ಹಾಕಿ, ಚಡ್ಡಿ ಆಮೇಲೆ: ಪಾದದ ಫಂಗಸ್ ಮೇಲೆ ಹತ್ತೋದು ಆ ದಾರೀಲೂ. ಸಂದಿಯಿಂದ ಕೀವು, ಕೆಟ್ಟ ವಾಸನೆ, ಪಾದ ಕೆಂಪಾಗಿ ಊದಿ ಮೇಲೇರೋದು, ಜ್ವರ ಇವು ಕಂಡ್ರೆ ಅದೇ ದಿನ ಹೋಗಿ.

ನಾಲೆಬಯಲು
ನಾಟಿ ಮುಗೀಲಿ ಸಾರ್, ಹೋಗ್ತೀನಿ.

ಪಾದಚಿಕಿತ್ಸೆ
ನಾಟಿ ಮುಗಿಯೋ ಹೊತ್ತಿಗೆ ನಾಲ್ಕನೇ ಟ್ಯೂಬೂ ಮುಗಿದಿರುತ್ತೆ.

ಫ್ಯಾನ್‌ಸೆಟಪ್
ಫೋಟೋ ಹಾಕಿದೀನಿ ನೋಡಿ. ಕರೆಂಟ್ ಹೋದ್ರೆ ಬೈಕ್ ಬ್ಯಾಟರಿಗೆ ಕೊಟ್ರೂ ಓಡುತ್ತೆ, ಬೂಟುಗಾರರೇ.