ಪದ ಬೇಕು, ತುರ್ತು: ಕೀಮೋಗೆ ಮುಂಚೆ ಕೊಡುವ ಕರಪತ್ರಕ್ಕೆ

ಸವಿತಾ (ಹಾಸನ):

ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ಆಸ್ಪತ್ರೆಯ ಕ್ಯಾನ್ಸರ್ ವಿಭಾಗಕ್ಕೆ ಒಂದು ಪುಟದ ಕರಪತ್ರ ಬರೆದುಕೊಡುತ್ತಿದ್ದೇನೆ. ಸೋಮವಾರ ಪ್ರೆಸ್ಸಿಗೆ ಹೋಗಬೇಕು. ಇಂಗ್ಲಿಷಿನಲ್ಲಿ ತಲೆಬರಹ ‘ಫರ್ಟಿಲಿಟಿ ಪ್ರಿಸರ್ವೇಶನ್’. ಓದುವವರು ಇಪ್ಪತ್ತು, ಮೂವತ್ತರ ಆಸುಪಾಸಿನವರು, ಜೊತೆಗೆ ಅವರ ಅಪ್ಪ ಅಮ್ಮ. ಕೀಮೋ ಆದಮೇಲೆ ಮಕ್ಕಳಾಗುವುದು ಕಷ್ಟವಾಗಬಹುದು, ಅದಕ್ಕೇ ಶುರುವಾಗುವ ಮೊದಲೇ ವೀರ್ಯವನ್ನೋ ಅಂಡಾಣುವನ್ನೋ ತೆಗೆದಿಡಬಹುದು ಅನ್ನೋದು ವಿಷಯ.

ನಾನು ‘ಸಂತಾನಶಕ್ತಿ ಸಂರಕ್ಷಣೆ’ ಅಂತ ಹಾಕಿದ್ದೆ. ವಾರ್ಡಿನ ಸಿಸ್ಟರ್ ಓದಿ, ‘ಇದು ಆಪರೇಷನ್ ಮಾಡಿಸಿಕೊಳ್ಳೋ ಚೀಟಿ ಅಂದ್ಕೊಂಡು ಮಡಚಿ ಇಟ್ಬಿಡ್ತಾರೆ’ ಅಂದರು. ಸರಿಯೇ. ಆಸ್ಪತ್ರೆ ಗೋಡೆ ಮೇಲೆ ‘ಸಂತಾನಶಕ್ತಿ ಹರಣ ಚಿಕಿತ್ಸೆ’ ಅಂತ ಓದಿ ಬೆಳೆದವರು ನಾವು. ಮೊದಲ ಪದ ಕಂಡ ಕೂಡಲೇ ‘ಹರಣ’ ತಾನಾಗಿ ಬಂದು ಕೂರುತ್ತೆ. ಬೇರೆ ಏನಾದರೂ ಹೇಳಿ.

ಬೇಲೂರು ಮೇಷ್ಟ್ರು:

ಸಂತಾನ, ಶಕ್ತಿ, ಸಂರಕ್ಷಣೆ. ಮೂರಕ್ಕೆ ಮೂರೂ ಸಾಲ. ಮನೆಯಲ್ಲಿ ಕಾಳಿದ್ದೂ ಪಕ್ಕದ ಮನೆಗೆ ಕೈಚಾಚುವುದು ಯಾಕಮ್ಮ? ಹಳಗನ್ನಡದಲ್ಲಿ ‘ಪೆಱು’ ಇದೆ, ಅದರಿಂದ ಹೆರು, ಹೆರಿಗೆ. ತಮಿಳಿನಲ್ಲೂ ಅದೇ ಬೇರು, ಅಲ್ಲಿ ಪಡೆ ಅನ್ನುವ ಅರ್ಥವೂ ಇದೆ. ‘ಱ’ ಅನ್ನುವ ಶಕಟರೇಫ ಅಕ್ಷರ ಬಿಟ್ಟುಕೊಟ್ಟೆವು, ಈಗ ಪದವನ್ನೂ ಬಿಟ್ಟುಕೊಡುತ್ತಿದ್ದೇವೆ. ‘ಹೆರುವಳವು ಕಾಪು’ ಅಂತ ಬರೆಯಿರಿ. ಅಳವು ಅಂದರೆ ಸಾಮರ್ಥ್ಯ, ಕಾಪು ಅಂದರೆ ರಕ್ಷಣೆ. ಚರ್ಚೆ ಮುಗಿಯಿತು.

ಕಿರಣ್ (ಚಿಕ್ಕಮಗಳೂರು):

ಮೇಷ್ಟ್ರೇ, ಕರಪತ್ರ ಗಂಡಸರಿಗೂ ಇದೆ. ಅವರು ಏನನ್ನು ಹೆರಬೇಕು?

ಮಂಜುನಾಥ (ಅರಸೀಕೆರೆ):

ನಾನು ಪಶುವೈದ್ಯ, ನಿವೃತ್ತ. ಈ ಪದಗಳು ನಮ್ಮ ಇಲಾಖೆಯಲ್ಲಿ ಎಂದೋ ಇವೆ. ‘ಘನೀಕೃತ ವೀರ್ಯ’ ಅಂತ ಹೆಸರಘಟ್ಟದ ಕೇಂದ್ರದಿಂದ ಹಿಡಿದು ಹಳ್ಳಿಯ ಪಶು ಆಸ್ಪತ್ರೆವರೆಗೂ ನಡೆಯುತ್ತೆ. ನೈಟ್ರೋಜನ್ ಕ್ಯಾನಿನ ಮುಚ್ಚಳ ತೆಗೆದರೆ ಹೊಗೆ ಏಳುತ್ತಲ್ಲ, ಹಾಸನ ಜಿಲ್ಲೆಯಲ್ಲಿ ಅದನ್ನು ನೋಡದ ಹಾಲಿನವರು ಯಾರಿದ್ದಾರೆ? 1949ರಲ್ಲಿ ಗ್ಲಿಸರಾಲ್ ಹಾಕಿದರೆ ವೀರ್ಯಾಣು ತಣ್ಣಗಾದರೂ ಸಾಯಲ್ಲ ಅಂತ ಇಂಗ್ಲೆಂಡಿನಲ್ಲಿ ಗೊತ್ತಾಯಿತು. ಅದೂ ಮೊದಲು ಕೋಳಿ ಹುಂಜದ ವೀರ್ಯದಲ್ಲಿ. ಮನುಷ್ಯರದ್ದು ಆಮೇಲೆ ಬಂತು.

ಗಾಬರಿ ಬೇಡ ಅಂತಲೂ ಕರಪತ್ರದಲ್ಲಿ ಬರೆಯಿರಿ. ಒಂದು ಸಲ ಕೊಟ್ಟರೆ ವೀರ್ಯ ತುಂಬಿಡುವ ನೂರಾರು ಸ್ಟ್ರಾ ಆಗುತ್ತೆ. ಮೊದಲ ಕೀಮೋ ಮುಗಿಸಿಕೊಂಡು ನಿಧಾನವಾಗಿ ಕೊಟ್ಟರೂ ನಡೆಯುತ್ತೆ.

ರೇಖಾ (ಸಕಲೇಶಪುರದವಳು, ಈಗ ಬೆಂಗಳೂರಿನ ಐವಿಎಫ್ ಲ್ಯಾಬಿನಲ್ಲಿ):

ಮಂಜುನಾಥ್ ಸರ್, ಕ್ಯಾನಿನ ವಿಷಯ ಸರಿ. ನಮ್ಮಲ್ಲೂ ಅದೇ ದ್ರವ ಸಾರಜನಕ, ಅದೇ ಮೈನಸ್ 196 ಡಿಗ್ರಿ. ಆದರೆ ಕೊನೆಯ ಸಾಲು ದಯವಿಟ್ಟು ಎಲ್ಲೂ ಬರೆಯಬೇಡಿ. ಕೀಮೋ ಶುರುವಾದ ಮೇಲೆ ಬರುವ ವೀರ್ಯಾಣುಗಳ ಡಿಎನ್‌ಎ ಕೆಟ್ಟಿರಬಹುದು. ನೋಡೋಕೆ ಓಡಾಡುತ್ತಿರುತ್ತವೆ, ಒಳಗೆ ಏನಾಗಿದೆ ಅಂತ ಮೈಕ್ರೋಸ್ಕೋಪಿನಲ್ಲಿ ಕಾಣಲ್ಲ. ಅದಕ್ಕೇ ಮೊದಲ ಬಾಟಲಿ ಏರಿಸುವ ಮುಂಚೆ ಅನ್ನೋದು.

ಇನ್ನು ನೂರಾರು ಸ್ಟ್ರಾ ಬೀಜದ ಹೋರಿಯ ಲೆಕ್ಕ. ವೃಷಣದ ಕ್ಯಾನ್ಸರ್ ಅಥವಾ ಹಾಜ್‌ಕಿನ್ ಲಿಂಫೋಮಾ ಬಂದಿರುವ ಹುಡುಗರಲ್ಲಿ ಔಷಧಿಗೆ ಮೊದಲೇ ಎಣಿಕೆ ಕಡಿಮೆ ಇರುವುದುಂಟು. ಎರಡು ಮೂರು ದಿನ ವೀರ್ಯ ಹೊರಹೋಗದ ಹಾಗೆ ತಡೆದು ಕೊಟ್ಟರೆ ಒಳ್ಳೆಯದು. ಸಮಯ ಇದ್ದರೆ ದಿನ ಬಿಟ್ಟು ದಿನ ಎರಡು ಮೂರು ಸಲ ಕೊಡುತ್ತಾರೆ. ನಾಳೆಯೇ ಕೀಮೋ ಅಂದರೆ ಒಂದೇ ಸಲವಾದರೂ ಸರಿ. ಕರಗಿಸಿದಾಗ ಒಂದಷ್ಟು ಸಾಯುತ್ತವೆ. ಆದರೆ ವೀರ್ಯಾಣುವನ್ನು ಸೂಜಿಯಿಂದ ನೇರವಾಗಿ ಅಂಡಾಣುವಿನೊಳಗೆ ಸೇರಿಸುವ ಇಕ್ಸಿ ಮಾಡಿದರೆ ಒಂದು ಅಂಡಾಣುವಿಗೆ ಒಂದೇ ವೀರ್ಯಾಣು ಸಾಕು, ಹಾಗಾಗಿ ‘ನನ್ನದು ಕಮ್ಮಿ ಇದೆಯಂತೆ’ ಅಂತ ಎದ್ದು ಹೋಗಬಾರದು. ಒಂದೂ ಸಿಗದಿದ್ದರೆ ವೃಷಣದಿಂದಲೇ ಚಿಕ್ಕ ಆಪರೇಷನ್ ಮಾಡಿ ಹುಡುಕುವುದೂ ಇದೆ.

ಸವಿತಾ, ನಿಮ್ಮ ತೊಂದರೆ ತಲೆಬರಹದ್ದಲ್ಲ ಅನ್ಸುತ್ತೆ. ಗಂಡಸರಿಗೆ ಒಂದೆರಡು ದಿನದ ಕೆಲಸ, ಹೆಂಗಸರಿಗೆ ಎರಡು ವಾರದ್ದು. ಎರಡನ್ನೂ ಒಂದೇ ಪದದ ಕೆಳಗೆ ತುಂಬಿದರೆ ಇಬ್ಬರೂ ಪೂರ್ತಿ ಓದಲ್ಲ.

ಬೇಲೂರು ಮೇಷ್ಟ್ರು:

‘ಘನೀಕೃತ’ವಂತೆ. ಹೆಪ್ಪುಗಟ್ಟಿಸಿದ ಅಂದರೆ ಯಾರ ಗಂಟು ಹೋಗುತ್ತಿತ್ತು? ಮೊಸರಿಗೆ ಹೆಪ್ಪು ಹಾಕುವ ನಾಡು ಇದು. ‘ಬೀಜ’ವೂ ಸಂಸ್ಕೃತವೇ. ಬಿತ್ತು, ಬಿತ್ತನೆ ನಮ್ಮದು. ‘ಬಂಜೆ’ಯನ್ನೂ ಕನ್ನಡ ಅಂದುಕೊಂಡಿದ್ದೀರಿ ಎಲ್ಲರೂ, ಅದು ವಂಧ್ಯಾ ಶಬ್ದದ ತದ್ಭವ.

ಸವಿತಾ:

‘ಹೆಪ್ಪು’ ಅಂದರೆ ರಕ್ತ ಹೆಪ್ಪುಗಟ್ಟೋದು ಅಂತ ರೋಗಿಗಳು ಹೆದರುತ್ತಾರೆ ಸರ್. ‘ಬಂಜೆ’ ನಾನು ಹೇಗೂ ಬಳಸಲ್ಲ, ಅದು ಯಾವ ಭಾಷೆಯದ್ದೇ ಇರಲಿ. ಅಂಡಾಣುವಿಗೆ ಏನು ಮಾಡಲಿ? ‘ಮೊಟ್ಟೆ’ ಅಂದರೆ ನಗುತ್ತಾರೆ. ‘ಅಂಡಾಣು’ ಅಂದಾಗ ಒಬ್ಬರು ಅಂಡವಾಯು ನೆನೆಸಿಕೊಂಡು, ‘ಅದು ಗಂಡಸರಿಗೆ ಬರೋದಲ್ವಾ?’ ಅಂದರು.

ಕುಸುಮಾ (ಮೂಡಿಗೆರೆ ಕಡೆ):

ನಾನು ಈ ಗುಂಪಿನಲ್ಲಿ ಸುಮ್ನೆ ಓದುತ್ತಾ ಇರುವವಳು. ಪದ ಗೊತ್ತಿಲ್ಲ, ನಮ್ಮ ಮನೆಯ ವಿಷಯ ಕೇಳಬೇಕಿತ್ತು. ನನ್ನ ತಂಗಿಗೆ 29, ಮದುವೆಯಾಗಿಲ್ಲ. ಸ್ತನದ ಗಡ್ಡೆ ತೆಗೆದಿದ್ದಾರೆ, ಗಾಯ ಮಾಯುತ್ತಿದೆ. ಇನ್ನು ಮೂರು ವಾರಕ್ಕೆ ಕೀಮೋ ಅಂದಿದ್ದಾರೆ. ಹೊಟ್ಟೆಗೆ ತಿಂಗಳಿಗೊಂದು ಇಂಜೆಕ್ಷನ್ ಕೊಡುತ್ತೇವೆ, ಅಂಡಾಶಯ ಮಲಗಿರುತ್ತೆ, ಕೆಡಲ್ಲ ಅಂದರು. ಅದೂ ನೀವು ಹೇಳುವ ಸಂರಕ್ಷಣೆಯೇನಾ? ಅದೊಂದೇ ಸಾಕಾ? ಅವಳದ್ದು ಹಾರ್ಮೋನ್ ಪಾಸಿಟಿವ್ ಅಂತ ರಿಪೋರ್ಟಿನಲ್ಲಿದೆ. ಹಾರ್ಮೋನ್ ಇಂಜೆಕ್ಷನ್ ತಗೊಂಡರೆ ಗಡ್ಡೆ ಮತ್ತೆ ಬೆಳೆಯುತ್ತೆ ಅಂತ ಅಮ್ಮನಿಗೆ ಭಯ.

ರೇಖಾ:

ಕುಸುಮಾ, ಮೊದಲು ನಿಮ್ಮದು. ಪದದ ಜಗಳ ಕಾಯುತ್ತೆ.

ಆ ತಿಂಗಳ ಇಂಜೆಕ್ಷನ್ ಬಹುಶಃ ಗೊಸೆರೆಲಿನ್ ಅಥವಾ ಅದರ ಜಾತಿಯದ್ದು. ಮೊದಲ ಕೀಮೋಗೆ ಕನಿಷ್ಠ ಒಂದು ವಾರ ಮುಂಚೆ ಶುರು ಮಾಡುತ್ತಾರೆ. ಮುಟ್ಟು ಮತ್ತೆ ಬರುವ ಸಾಧ್ಯತೆಯನ್ನು ಅದು ಹೆಚ್ಚಿಸುತ್ತೆ. 2015ರಲ್ಲಿ ಪ್ರಕಟವಾದ ಪೊಯಮ್ಸ್ ಅಧ್ಯಯನದಲ್ಲಿ ಅದು ಕಂಡಿತು, ಆದರೆ ಅಲ್ಲಿದ್ದವರದ್ದು ಹಾರ್ಮೋನ್ ನೆಗೆಟಿವ್ ಗಡ್ಡೆ. ಯಾರೂ ಅದನ್ನು ತೆಗೆದಿಡುವುದಕ್ಕೆ ಬದಲಿ ಅನ್ನಲ್ಲ. ಜೊತೆಗೆ ಕೊಡುವುದು. ಮುಟ್ಟು ಬಂತು ಅಂದ ಮಾತ್ರಕ್ಕೆ ಅಂಡಾಣು ಬೇಕಾದಷ್ಟು ಉಳಿದಿವೆ ಅಂತಲೂ ಅಲ್ಲ.

ಮೂರು ವಾರ ಇದ್ದರೆ ಅಂಡಾಣು ತೆಗೆದಿಡಬಹುದು, ಆದರೆ ಈ ವಾರವೇ ಹೊರಡಬೇಕು. ಮುಂದಿನ ಮುಟ್ಟು ಬರಲಿ ಅಂತ ಕಾಯಬೇಕಿಲ್ಲ, ತಿಂಗಳ ಯಾವ ದಿನವಾದರೂ ಶುರು ಮಾಡುತ್ತಾರೆ. ಮೊದಲ ದಿನ ಸ್ಕ್ಯಾನ್, ಅಂಡಾಣು ಎಷ್ಟು ಉಳಿದಿವೆ ಅಂತ ಅಂದಾಜು ಕೊಡುವ ಎಎಂಎಚ್ ರಕ್ತಪರೀಕ್ಷೆ, ಎಚ್‌ಐವಿ ಮತ್ತು ಹೆಪಟೈಟಿಸ್ ಪರೀಕ್ಷೆ. ಅಂದೋ ಮಾರನೆ ದಿನವೋ ಅಂಡಾಣು ಬೆಳೆಸುವ ಹಾರ್ಮೋನ್ ಇಂಜೆಕ್ಷನ್ ಶುರು, ದಿನಾ ಒಂದು, ಹತ್ತು ಹನ್ನೆರಡು ದಿನ. ಎರಡು ಮೂರು ದಿನಕ್ಕೊಮ್ಮೆ ಸ್ಕ್ಯಾನ್ ಇರುತ್ತೆ. ಆದ್ದರಿಂದ ಊರಿಂದ ಓಡಾಡುವ ಬದಲು ಹತ್ತಿರದಲ್ಲೇ ನೆಂಟರ ಮನೆ ನೋಡಿಕೊಳ್ಳಿ. ಅಮ್ಮನ ಭಯ ಸುಳ್ಳಲ್ಲ. ಅದಕ್ಕೇ ಹಾರ್ಮೋನ್ ಪಾಸಿಟಿವ್ ಇದ್ದವರಿಗೆ ಇಂಜೆಕ್ಷನ್ ಜೊತೆ ಲೆಟ್ರೊಜೋಲ್ ಮಾತ್ರೆ ಕೊಟ್ಟು ಈಸ್ಟ್ರೊಜೆನ್ ಏರದ ಹಾಗೆ ನೋಡಿಕೊಳ್ಳುತ್ತಾರೆ. ಕೊನೆಗೆ ಅಂಡಾಣು ಪೂರ್ತಿ ಬಲಿಯಲಿ ಅಂತ ಒಂದು ಟ್ರಿಗರ್ ಇಂಜೆಕ್ಷನ್, ಅದಾದ 34–36 ಗಂಟೆಗೆ ಅಂಡಾಣು ಹೊರತೆಗೆಯುತ್ತಾರೆ. ಆ ಗಂಟೆ ತಪ್ಪಬಾರದು. ತಡವಾದರೆ ಅವು ತಾವೇ ಬಿಡುಗಡೆಯಾಗಿ ಕೈಗೆ ಸಿಗಲ್ಲ.

ತೆಗೆಯುವುದು ಅರಿವಳಿಕೆ ಕೊಟ್ಟು ಮಲಗಿಸಿದಾಗ, ಯೋನಿಯ ಮೂಲಕ, ಸೂಜಿಯಿಂದ. ಸ್ಕ್ಯಾನೂ ಸಾಮಾನ್ಯವಾಗಿ ಹಾಗೇ. ಮದುವೆಯಾಗದ ಹುಡುಗಿಯ ತಾಯಂದಿರು ಇದನ್ನು ಟೇಬಲ್ ಮೇಲೆ ಮಲಗಿಸಿದ ಮೇಲೆ ಕೇಳಿಸಿಕೊಂಡು ಗಲಾಟೆ ಮಾಡಿದ್ದು ನೋಡಿದ್ದೇನೆ. ಮುಂಚೆಯೇ ಕೂರಿಸಿ ಮಾತಾಡಿಬಿಡಿ. ಸವಿತಾ, ಇದು ನಿಮ್ಮ ಕರಪತ್ರದಲ್ಲೂ ಬರಬೇಕು.

ಅಂಡಾಣು ಇಟ್ಟರೆ ಮಗು ಗ್ಯಾರಂಟಿ ಅಲ್ಲ. ಹತ್ತು ಹದಿನೈದು ಸಿಕ್ಕರೆ ಸಂತೋಷ, ಅದರಲ್ಲಿ ಕೆಲವು ಕರಗಿಸುವಾಗ ಹೋಗುತ್ತವೆ, ಕೆಲವು ಭ್ರೂಣ ಆಗಲ್ಲ. ಕ್ಯಾನ್ಸರ್ ಡಾಕ್ಟರು ಒಪ್ಪಿದರೆ ಮಾತ್ರ ಇದೆಲ್ಲ. ಫೋನು ಅವರಿಗೇ ಮೊದಲು ಮಾಡಿ.

ಕುಸುಮಾ:

ನಾಳೆ ಬೆಳಿಗ್ಗೆಯೇ ಮಾಡುತ್ತೇನೆ ಮೇಡಂ. ರಕ್ತದ ಕ್ಯಾನ್ಸರ್ ಇರುವವರಿಗೂ ಹೀಗೇನಾ? ವಾರ್ಡಿನಲ್ಲಿ ಒಂದು ಹುಡುಗಿ ಇದ್ದಳು.

ರೇಖಾ:

ಅಕ್ಯೂಟ್ ಲುಕೇಮಿಯಾ ಆದರೆ ಎರಡು ವಾರ ಕಾಯೋಕೆ ಆಗಲ್ಲ, ಕೀಮೋ ತಕ್ಷಣ ಶುರುವಾಗಬೇಕು. ಅಂಡಾಶಯದ ಚೂರನ್ನೇ ತೆಗೆದಿಡುವ ದಾರಿ ಇದೆ, ಮೈನೆರೆಯದ ಹೆಣ್ಣುಮಕ್ಕಳಿಗಂತೂ ಅದೊಂದೇ. ಆದರೆ ಲುಕೇಮಿಯಾದಲ್ಲಿ ಆ ಚೂರಿನಲ್ಲೇ ಕ್ಯಾನ್ಸರ್ ಕಣ ಅಡಗಿರಬಹುದು, ವಾಪಸ್ ಕೂರಿಸುವಾಗ ಅದೂ ಬರಬಹುದು. ಸುಲಭದ ಉತ್ತರ ಇಲ್ಲ.

ಕಿರಣ್:

ತಲೆಬರಹಕ್ಕೆ ವಾಪಸ್ ಬರೋಣ. ‘ಸ್ಪರ್ಮ್ ಬ್ಯಾಂಕಿಂಗ್, ಎಗ್ ಫ್ರೀಜಿಂಗ್’ ಅಂತ ಕನ್ನಡ ಅಕ್ಷರದಲ್ಲಿ ಹಾಕಿಬಿಡಿ. ಡಾಕ್ಟರ್ ಬಾಯಲ್ಲಿ ಕೇಳೋದು ಅದನ್ನೇ, ಚೀಟಿಯಲ್ಲೂ ಅದೇ ಇದ್ದರೆ ಗೊಂದಲ ಇಲ್ಲ.

ಬೇಲೂರು ಮೇಷ್ಟ್ರು:

ಹಾಗಾದರೆ ಕರಪತ್ರವನ್ನು ಪೂರ್ತಿ ಇಂಗ್ಲಿಷಿನಲ್ಲೇ ಅಚ್ಚು ಹಾಕಿ, ಕನ್ನಡ ಲಿಪಿಯ ಶ್ರಮ ಯಾಕೆ? ಇಂಥವರಿಂದಲೇ ಭಾಷೆ ಹಾಳು.

ಕಿರಣ್:

ನಮ್ಮ ತೋಟದ ಲೆಕ್ಕ ಬರೆಯುವವನಿಗೆ ರೈಟರ್ ಅಂತೀವಿ, ಮೂರು ತಲೆಮಾರಿಂದ. ನೀವು ಬಂದು ಅವನಿಗೆ ‘ಬರೆವಾಳು’ ಅಂತ ಹೆಸರಿಡಿ, ಸಂಬಳ ಇಸ್ಕೊಳ್ಳೋಕೂ ಬರಲ್ಲ ಅವನು.

ಬೇಲೂರು ಮೇಷ್ಟ್ರು:

ಬರೆವಾಳು ಚೆನ್ನಾಗಿಯೇ ಇದೆ.

ಮಂಜುನಾಥ:

ರೇಖಾ ಅವರು ಹೇಳಿದ್ದು ಒಪ್ಪಿದೆ. ಆದರೂ ‘ಘನೀಕೃತ’ ಬಿಡಲಾರೆ, ರೈತರಿಗೆ ಗೊತ್ತಿರುವ ಪದ ಅದು.

ಸವಿತಾ:

ಗೊತ್ತಿರೋದೇ ತೊಂದರೆ ಸರ್. ‘ಹಸುಗೆ ಮಾಡಿಸೋ ಹಾಗೆ ನಮಗೂನಾ?’ ಅಂತ ಒಬ್ಬ ಹುಡುಗ ಆಗಲೇ ಮುಖ ಸಿಂಡರಿಸಿದ.

ಹೀಗೆ ಹಾಕುತ್ತಿದ್ದೇನೆ. ಮೇಲೆ ದೊಡ್ಡದಾಗಿ: ‘ಮುಂದೆ ಮಕ್ಕಳು ಬೇಕೆ? ಮೊದಲ ಕೀಮೋಗೆ ಮುಂಚೆಯೇ ಕೇಳಿ.’ ಕೆಳಗೆ ಎರಡು ಭಾಗ. ಗಂಡಸರಿಗೆ ‘ವೀರ್ಯ ತೆಗೆದಿಡುವುದು: ಒಂದು ದಿನ ಸಿಕ್ಕರೂ ಸಾಕು’. ಹೆಂಗಸರಿಗೆ ‘ಅಂಡಾಣು ತೆಗೆದಿಡುವುದು: ಸುಮಾರು ಎರಡು ವಾರ ಬೇಕು’. ಡಾಕ್ಟರು ಹೇಳುವ ಇಂಗ್ಲಿಷ್ ಹೆಸರನ್ನು ಪಕ್ಕದಲ್ಲೇ ಕನ್ನಡ ಅಕ್ಷರದಲ್ಲಿ ಚಿಕ್ಕದಾಗಿ ಕೊಡುತ್ತೇನೆ. ‘ಸಂತಾನಶಕ್ತಿ’ ಎಲ್ಲೂ ಇಲ್ಲ.

ರೇಖಾ:

ಚೆನ್ನಾಗಿದೆ. ಒಂದು ಸಾಲು ಸೇರಿಸಿ. ಇಡುವ ಮುಂಚೆ ಸಮ್ಮತಿ ಪತ್ರದಲ್ಲಿ ‘ನಾನು ತೀರಿಕೊಂಡರೆ ಇದನ್ನು ಏನು ಮಾಡಬೇಕು’ ಅಂತ ಬರೆಸಿಕೊಳ್ಳುತ್ತಾರೆ, 2021ರ ಕಾಯ್ದೆಯಲ್ಲೇ ಇದೆ. ಅದನ್ನು ಓದಿ ‘ನಾನು ಬದುಕಲ್ಲ ಅಂತ ಡಾಕ್ಟರಿಗೆ ಗೊತ್ತು’ ಅಂದುಕೊಂಡು ಸಹಿ ಹಾಕದೆ ಎದ್ದವರಿದ್ದಾರೆ. ಎಲ್ಲರಿಗೂ ಕೇಳುವ ಪ್ರಶ್ನೆ ಅದು ಅಂತ ಬರೆಯಿರಿ. ವರ್ಷ ವರ್ಷ ಇಡುವ ಶುಲ್ಕ ಕಟ್ಟಬೇಕು ಅಂತಲೂ.

ಬೇಲೂರು ಮೇಷ್ಟ್ರು:

‘ತೆಗೆದಿಡುವುದು’ ಒಪ್ಪಬಹುದು. ‘ಅಂಡಾಣು’ ಒಪ್ಪಲಾರೆ. ‘ತತ್ತಿ’ ಯಾಕೆ ಆಗಬಾರದು ಅಂತ ಒಬ್ಬರೂ ಹೇಳಲಿಲ್ಲ.

ಕಿರಣ್:

ಆಮ್ಲೆಟ್ ನೆನಪಾಗುತ್ತೆ, ಅದಕ್ಕೆ.